ಅಗಲ ಒಂದೇ ಅಳೆದರೆ ಕ್ರೀಮ್ ಲೆಕ್ಕ ಸಿಗಲ್ಲ, ಎತ್ತರವನ್ನೂ ಅಳೆಯಿರಿ

ಪ್ರಶ್ನೆ: ನಾನು ವಿಜಯಪುರದವಳು. ತಂಗಿಯ ಮಗನ ಬರ್ತ್‌ಡೇಗೆ 8 ಇಂಚಿನ ರೌಂಡ್ ಕೇಕ್ ಮಾಡಬೇಕು. ಮೂರು ಲೇಯರ್, ಸುಮಾರು 4 ಇಂಚು ಎತ್ತರ. ಒಳಗೆ ತುಂಬಿ, ಹೊರಗೆಲ್ಲ ಬಳಿಯಲು ವಿಪ್ಪಿಂಗ್ ಕ್ರೀಮ್ ಎಷ್ಟು ಬೇಕು? ಯಾವ ಇಂಚಿಗೆ ಎಷ್ಟು ಅಂತ ಒಂದು ಪಟ್ಟಿ ಇದ್ದರೆ ಕೊಡಿ.

ಉತ್ತರ:

ಅಂಥ ಪಟ್ಟಿ ನಂಬಬೇಡಿ. ನಾನು ಅದನ್ನೇ ನಂಬಿ ಒಂದು ದೊಡ್ಡ ಆರ್ಡರ್ ಹಾಳು ಮಾಡಿಕೊಂಡೆ.

ಬಾಗಲಕೋಟೆಯ ನವನಗರದಲ್ಲಿ ಮನೆಯಿಂದಲೇ ಕೇಕ್ ಮಾಡಿ ಕೊಡುತ್ತೇನೆ. ಆಗ ಮಾಡುತ್ತಿದ್ದದ್ದು ಬರೀ 8 ಇಂಚಿನ ಕೇಕ್. ಎರಡು ಸ್ಪಂಜ್, 3 ಇಂಚು ಎತ್ತರ. ಅದಕ್ಕೆ 300 ಮಿಲಿ ಕ್ರೀಮ್ ಬೀಟ್ ಮಾಡಿದರೆ ಸರಿಯಾಗಿ ಆಗುತ್ತಿತ್ತು. ಮೇ ತಿಂಗಳಲ್ಲಿ ಒಬ್ಬರು ಮಗುವಿನ ಮೊದಲ ಹುಟ್ಟುಹಬ್ಬಕ್ಕೆ 10 ಇಂಚಿನ ಕೇಕ್ ಹೇಳಿದರು. ನಾಲ್ಕು ಲೇಯರ್, 5 ಇಂಚು ಎತ್ತರ. ಎಂಟಕ್ಕಿಂತ ಹತ್ತು ಕಾಲು ಭಾಗ ಜಾಸ್ತಿ, ಹಾಗಾದರೆ ಕ್ರೀಮೂ ಕಾಲು ಭಾಗ ಜಾಸ್ತಿ ಅಂದುಕೊಂಡೆ. 375 ಮಿಲಿ ಅಳೆದು ಬೀಟ್ ಮಾಡಿದೆ.

ಲೇಯರ್‌ಗಳ ನಡುವಿನ ಮೂರು ಪದರ ತುಂಬಿದಾಗಲೇ ಬೌಲ್ ಮುಕ್ಕಾಲು ಖಾಲಿ. ಉಳಿದದ್ದರಲ್ಲಿ, ಸ್ಪಂಜಿನ ಪುಡಿ ಏಳದಂತೆ ಮೊದಲು ತೆಳುವಾಗಿ ಬಳಿಯುವ ಕ್ರಂಬ್ ಕೋಟ್ ಕೂಡ ಪೂರ್ತಿ ಆಗಲಿಲ್ಲ. ಗಾಬರಿಯಲ್ಲಿ, ಆಗಲೇ ಹೊರಗೆ ತೆಗೆದಿಟ್ಟು ಬೆಚ್ಚಗಾಗಿದ್ದ ಕ್ರೀಮನ್ನೇ ಬೀಟರ್‌ಗೆ ಹಾಕಿದೆ. ಅದು ಗಟ್ಟಿಯಾಗಲೇ ಇಲ್ಲ, ದೋಸೆ ಹಿಟ್ಟಿನ ಹಾಗೆ ಜಾರುತ್ತಿತ್ತು. ಬದಿಗೆ ಬಳಿದರೆ ಕೆಳಗಿಳಿದು ಬೋರ್ಡ್ ಮೇಲೆ ನಿಲ್ಲುತ್ತಿತ್ತು. ಒಯ್ಯಲು ಬಂದ ಹೆಣ್ಣುಮಗಳು ನೋಡಿದ ಕೂಡಲೇ, "ಅಕ್ಕಾರ, ಬಾಜೂಕ ಕ್ರೀಮ್ ಯಾಕ ಹತ್ತಿಲ್ರೀ?" ಅಂದಳು. ದುಡ್ಡು ತೆಗೆದುಕೊಳ್ಳಲಿಲ್ಲ. ಆ ಮನೆಯಿಂದ ಮತ್ತೆ ಆರ್ಡರ್ ಬರಲಿಲ್ಲ.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳುತ್ತೇನೆ. ಇಷ್ಟು ತಿಳಿದರೆ ಯಾವ ಅಳತೆಯ ಕೇಕ್‌ಗೂ ನೀವೇ ಲೆಕ್ಕ ಹಾಕಬಹುದು.

ಕ್ರೀಮ್ ಹತ್ತುವುದು ಮೂರು ಕಡೆ: ಲೇಯರ್‌ಗಳ ನಡುವೆ, ಮೇಲೆ, ಸುತ್ತ ಬದಿಗೆ. ನಡುವಿನ ಒಂದೊಂದು ಪದರವೂ ಮೇಲಿನಷ್ಟೇ ದೊಡ್ಡದು. ಹಾಗಾಗಿ ಎಲ್ಲವನ್ನೂ 'ಒಂದು ಮೇಲ್ಭಾಗ' ಅನ್ನುವ ಅಳತೆಯಲ್ಲೇ ಎಣಿಸಿ. ಬದಿಗೆ ಒಂದು ಸುಲಭ ದಾರಿ ಇದೆ. ಕೇಕಿನ ಎತ್ತರ ಅಗಲದ ಕಾಲು ಭಾಗ ಇದ್ದರೆ, ಸುತ್ತಲಿನ ಬದಿ ಸರಿಯಾಗಿ ಒಂದು ಮೇಲ್ಭಾಗಕ್ಕೆ ಸಮ. ಎತ್ತರ ಅಗಲದ ಅರ್ಧ ಇದ್ದರೆ ಎರಡು ಮೇಲ್ಭಾಗಕ್ಕೆ ಸಮ. ಇದು ಯಾವ ರೌಂಡ್ ಕೇಕ್‌ಗೂ ನಿಜ.

ನನ್ನ ಹಳೆಯ ಕೇಕ್‌ನಲ್ಲಿ ನಡುವೆ ಒಂದು, ಮೇಲೆ ಒಂದು, ಬದಿಗೆ ಒಂದೂವರೆ, ಒಟ್ಟು ಮೂರೂವರೆ. ಹೊಸದರಲ್ಲಿ ನಡುವೆ ಮೂರು, ಮೇಲೆ ಒಂದು, ಬದಿಗೆ ಎರಡು, ಒಟ್ಟು ಆರು. ಅಷ್ಟೇ ಅಲ್ಲ, 10 ಇಂಚಿನ ಒಂದೊಂದು ಮೇಲ್ಭಾಗವೂ 8 ಇಂಚಿನದಕ್ಕಿಂತ ಸುಮಾರು ಒಂದೂವರೆ ಪಟ್ಟು ದೊಡ್ಡದು. ಎರಡೂ ಸೇರಿದರೆ ಬೇಕಾಗುವ ಕ್ರೀಮ್ ಎರಡೂವರೆ ಪಟ್ಟಿಗಿಂತ ಜಾಸ್ತಿ. ನಾನು ಹಾಕಿದ್ದು ಬರೀ ಕಾಲು ಭಾಗ ಜಾಸ್ತಿ. ಹೇಗೆ ಸಾಕಾಗುತ್ತದೆ ಹೇಳಿ? ಇಷ್ಟು ಕೆಜಿ ಕೇಕ್‌ಗೆ ಇಷ್ಟು ಕ್ರೀಮ್ ಅನ್ನುವ ಲೆಕ್ಕವೂ ಇದೇ ಕಾರಣಕ್ಕೆ ಕೈ ಕೊಡುತ್ತದೆ. ತೂಕ ಒಂದೇ ಇದ್ದರೂ ಎರಡು ಲೇಯರ್ ಕೇಕ್‌ಗೂ ನಾಲ್ಕು ಲೇಯರ್ ಕೇಕ್‌ಗೂ ಕ್ರೀಮ್ ಬೇರೆ ಬೇರೆ ಬೇಕು.

ಈಗ ನಿಮ್ಮ ಕೇಕ್‌ಗೆ ಬರೋಣ. ಮೂರು ಲೇಯರ್ ಅಂದರೆ ನಡುವೆ ಎರಡು, ಮೇಲೆ ಒಂದು. 4 ಇಂಚು ಎತ್ತರ 8 ಇಂಚಿನ ಅರ್ಧ, ಹಾಗಾಗಿ ಬದಿಗೆ ಎರಡು. ಒಟ್ಟು ಐದು ಮೇಲ್ಭಾಗ. 8 ಇಂಚು ಅಂದರೆ ಸುಮಾರು 20 ಸೆಂಮೀ. ಅದರ ಅರ್ಧ 10. ಹತ್ತನ್ನು ಹತ್ತರಿಂದ, ಆಮೇಲೆ 3.14ರಿಂದ ಗುಣಿಸಿದರೆ ಒಂದು ಮೇಲ್ಭಾಗ 314 ಚದರ ಸೆಂಮೀ. ಅರ್ಧ ಸೆಂಮೀ ದಪ್ಪ ಬಳಿದರೆ ಅದಕ್ಕೆ 157 ಮಿಲಿ ಬೀಟ್ ಮಾಡಿದ ಕ್ರೀಮ್ ಬೇಕು. ಐದಕ್ಕೆ 785. ಹೊರಗಿನ ಮೂರು ಮೇಲ್ಭಾಗಕ್ಕೆ, ಅಂದರೆ ಮೇಲಿನ ಒಂದು, ಬದಿಯ ಎರಡಕ್ಕೆ, 2 ಮಿಮೀ ಕ್ರಂಬ್ ಕೋಟ್ ಹಾಕಲು ಇನ್ನು 190. ಬೌಲ್, ಪ್ಯಾಲೆಟ್ ನೈಫ್, ಪೈಪಿಂಗ್ ಬ್ಯಾಗ್‌ಗೆ ಅಂಟಿ ಹೋಗುವುದಕ್ಕೆ ನೂರು. ಮೇಲಂಚಿಗೆ ಒಂದು ಸುತ್ತು ನಾಝಲ್ ಡಿಸೈನ್‌ಗೆ ನೂರು. ಎಲ್ಲ ಸೇರಿ ಸುಮಾರು 1175 ಮಿಲಿ.

ಇದು ಬೀಟ್ ಮಾಡಿದ ಮೇಲಿನ ಅಳತೆ. ಪ್ಯಾಕ್‌ನಿಂದ ಎಷ್ಟು ಸುರಿಯಬೇಕು ಅನ್ನುವುದು ಕ್ರೀಮ್ ಎಷ್ಟು ಉಬ್ಬುತ್ತದೆ ಅನ್ನುವುದರ ಮೇಲೆ ಇದೆ. ನಾವು ತರುವ ನಾನ್ ಡೇರಿ ವಿಪ್ಪಿಂಗ್ ಕ್ರೀಮ್ ಚೆನ್ನಾಗಿ ತಣ್ಣಗಿದ್ದರೆ ಮೂರು ಪಟ್ಟು ಉಬ್ಬುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ, ಫ್ಯಾನ್ ಗಾಳಿಯೂ ಬಿಸಿ ಇರುವಾಗ, ಎರಡೂವರೆ ಪಟ್ಟು ಅಂತ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ನಿಮಗೆ 400 ಮಿಲಿ ಸಾಕು. ಏಪ್ರಿಲ್, ಮೇನಲ್ಲಿ 475 ತೆಗೆದುಕೊಳ್ಳಿ. ನಿಮ್ಮ ಪ್ಯಾಕ್ ಎಷ್ಟು ಉಬ್ಬುತ್ತದೆ ಅಂತ ಗೊತ್ತಾಗಬೇಕಾದರೆ, ಮುಂಚೆ 100 ಮಿಲಿ ಬೀಟ್ ಮಾಡಿ ಅಳತೆ ಜಗ್‌ಗೆ ತುಂಬಿ ನೋಡಿ.

ಬಟರ್‌ಕ್ರೀಮ್ ಮಾಡುವುದಾದರೆ ಹೀಗೆ ಭಾಗಿಸಬೇಡಿ. ಅದು ಪಟ್ಟು ಪಟ್ಟು ಉಬ್ಬುವುದಿಲ್ಲ, 1175 ಮಿಲಿ ಬೇಕು ಅಂದರೆ ಅಷ್ಟನ್ನೂ ಮಾಡಿಯೇ ತುಂಬಿಸಬೇಕು. ಆದರೆ ವಿಜಯಪುರದ ಬಿಸಿಲಿಗೆ ಬೆಣ್ಣೆ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಬೇಡವೇ ಬೇಡ.

ಫ್ರೀಜರ್‌ನಲ್ಲಿದ್ದ ಪ್ಯಾಕನ್ನು ಹಿಂದಿನ ದಿನವೇ ಫ್ರಿಜ್‌ನ ಕೆಳಗಿನ ಭಾಗಕ್ಕೆ ಇಳಿಸಿ. ಹೊರಗಿಟ್ಟು ಕರಗಿಸಬೇಡಿ. ಒಳಗೆ ಸಣ್ಣ ಸಣ್ಣ ಐಸ್ ಚೂರು ಇರುವಾಗಲೇ ಬೀಟ್ ಮಾಡಿದರೆ ಒಳ್ಳೆಯದು. ಬೌಲ್, ಬ್ಲೇಡ್ ಕೂಡ ತಣ್ಣಗಿರಲಿ. ಬೀಟರ್ ಎತ್ತಿದಾಗ ತುದಿ ಬಾಗದೆ ನಿಂತರೆ ಸಾಕು. ಆಮೇಲೂ ತಿರುಗಿಸಿದರೆ ಕ್ರೀಮ್ ಒರಟಾಗಿ ಒಡೆದ ಹಾಗೆ ಕಾಣುತ್ತದೆ, ಬದಿ ನುಣ್ಣಗೆ ಬರುವುದಿಲ್ಲ. ಹಾಗಾದರೆ ಒಂದೆರಡು ಚಮಚ ಬೀಟ್ ಮಾಡದ ಕ್ರೀಮ್ ಹಾಕಿ ಬೀಟರ್ ಬಿಟ್ಟು ಚಮಚದಿಂದ ನಿಧಾನಕ್ಕೆ ಕಲಸಿ.

ಲೇಯರ್ ನಡುವೆ ಅರ್ಧ ಸೆಂಮೀ ದಾಟಬೇಡಿ. ಟೂತ್‌ಪಿಕ್ ಚುಚ್ಚಿ ನೋಡಿದರೆ ದಪ್ಪ ಗೊತ್ತಾಗುತ್ತದೆ. ಜಾಸ್ತಿ ಹಾಕಿದರೆ ಕ್ರೀಮ್ ಖಾಲಿಯಾಗುವುದು ಒಂದು ಕಡೆ, ಸೆಕೆಗೆ ಮೇಲಿನ ಸ್ಪಂಜ್ ಪಕ್ಕಕ್ಕೆ ಸರಿಯುವುದು ಇನ್ನೊಂದು ಕಡೆ.

ಕ್ರಂಬ್ ಕೋಟ್ ಆದ ಮೇಲೆ ಕೇಕನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಡುತ್ತೀರಲ್ವಾ, ಆಗ ಬೌಲ್‌ನಲ್ಲಿ ಉಳಿದಿರುವ ಕ್ರೀಮ್ ಅಳೆಯಿರಿ. ಕೊನೆಯ ಕೋಟ್‌ಗೆ ಮೂರು ಮೇಲ್ಭಾಗ, ಅಂದರೆ 470 ಮಿಲಿ ಬೇಕೇ ಬೇಕು. ಡಿಸೈನ್‌ಗೆ ಇನ್ನೊಂದು ನೂರು. ಕಡಿಮೆ ಇದ್ದರೆ ಆ ಅರ್ಧ ಗಂಟೆಯಲ್ಲೇ, ಫ್ರಿಜ್‌ನಿಂದ ಆಗ ತಾನೇ ತೆಗೆದ ಕ್ರೀಮ್ ಬೀಟ್ ಮಾಡಿ. ಎರಡೂ ಬೌಲ್ ಒಟ್ಟಿಗೆ ಸೇರಿಸಿ ಕಲಸಿದ ಮೇಲೆಯೇ ಬಳಿಯಲು ಶುರು ಮಾಡಿ. ಅರ್ಧ ಬದಿಗೆ ಹಳೆಯದು, ಅರ್ಧಕ್ಕೆ ಹೊಸದು ಬಳಿದರೆ ಬಣ್ಣ, ನುಣುಪು ಎರಡರಲ್ಲೂ ತೇಪೆ ಎದ್ದು ಕಾಣುತ್ತದೆ.