ಪಿಸಿಎಂಸಿ ತೆಗೆದುಕೊಂಡರೆ ಕೃಷಿ ಬಿಎಸ್ಸಿ ಸಿಗುತ್ತದೆಯೇ?

"ಮಗಳಿಗೆ ಕಂಪ್ಯೂಟರ್ ಇಂಜಿನಿಯರಿಂಗ್ ಆಸೆ, ಕೃಷಿ ಬಿಎಸ್ಸಿಯೂ ಮನಸ್ಸಿನಲ್ಲಿದೆ. ಪಿಯುಸಿಯಲ್ಲಿ ಪಿಸಿಎಂಸಿ ಸಾಕೇ?"

ಸಾಲದು ಸರ್. ಕೃಷಿ ಬಿಎಸ್ಸಿಗೆ ಜೀವಶಾಸ್ತ್ರ ಬೇಕೇ ಬೇಕು, ಪಿಸಿಎಂಸಿಯಲ್ಲಿ ಅದರ ಜಾಗದಲ್ಲಿ ಗಣಕ ವಿಜ್ಞಾನ ಇರುತ್ತದೆ. ಆ ಸಂಯೋಜನೆಯಿಂದ ಸಿಗುವುದು ಕೃಷಿ ಇಂಜಿನಿಯರಿಂಗ್ ಬಿಟೆಕ್. ಹೆಸರು ಹತ್ತಿರದ್ದು, ಓದು ಬೇರೆ. ಪಿಸಿಎಂಬಿ ಕೊಡಿಸಿ. ಕಂಪ್ಯೂಟರ್ ಇಂಜಿನಿಯರಿಂಗ್‌ಗೆ ಪಿಯುಸಿಯಲ್ಲಿ ಗಣಕ ವಿಜ್ಞಾನ ಓದಿರಲೇಬೇಕು ಎಂಬುದು ತಪ್ಪು ತಿಳಿವಳಿಕೆ.

ಇನ್ನೊಂದು ವಿಷಯ ಅನೇಕರ ಗಮನಕ್ಕೆ ಬರುವುದಿಲ್ಲ. ಸಿಇಟಿ ಮೂಲಕ ಇಂಜಿನಿಯರಿಂಗ್‌ಗೆ ಭೌತಶಾಸ್ತ್ರ, ಗಣಿತ ಕಡ್ಡಾಯ. ಮೂರನೆಯದು ರಸಾಯನಶಾಸ್ತ್ರವೇ ಆಗಬೇಕಿಲ್ಲ, ಜೀವಶಾಸ್ತ್ರವೂ ನಡೆಯುತ್ತದೆ. ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ ಶೇ. 45 ಬೇಕು. ಭೌತಶಾಸ್ತ್ರ 40, ಗಣಿತ 38, ರಸಾಯನಶಾಸ್ತ್ರ 36 ಬಂದರೆ ಒಟ್ಟು 114, ಅಂದರೆ ಶೇ. 38, ಅರ್ಹತೆ ಇಲ್ಲ. ಜೀವಶಾಸ್ತ್ರದಲ್ಲಿ 72 ಇದ್ದರೆ ಒಟ್ಟು 150, ಶೇ. 50, ಪಾರು. ಆದರೆ ರ‍್ಯಾಂಕ್ ಲೆಕ್ಕಕ್ಕೆ ರಸಾಯನಶಾಸ್ತ್ರದ ಅಂಕವನ್ನೇ ಹಿಡಿಯುತ್ತಾರೆ, ಅದನ್ನು ಕಡೆಗಣಿಸುವಂತಿಲ್ಲ.

ನೀವಿರುವ ಊರಿನ ಕಾಲೇಜಿನಲ್ಲಿ ಪಿಸಿಎಂಬಿ ಸೀಟು ಭರ್ತಿಯಾಗಿದೆ ಎಂದರೆ ಪಕ್ಕದ ಊರಿನ ಸರ್ಕಾರಿ ಕಾಲೇಜಿನಲ್ಲಿ ವಿಚಾರಿಸಿ.