‘ಜಾನ್’ ಅಂದ್ರೆ ಅಪ್ಪ-ಅಮ್ಮಂಗೆ ಏನಂತ ಹೇಳೋದು?

«ಕೋಲಾರದ ಮನೆ, ಅಪ್ಪ-ಅಮ್ಮಂಗೆ ಹಿಂದಿ ಬರಲ್ಲ. ನಾನು ಮದುವೆ ಆಗೋ ಹುಡುಗಿ ‘ಜಾನ್, ತುಮ್ಹಾರೇ ಬಿನಾ ಮನ್ ನಹೀ ಲಗ್ತಾ’ ಅಂತ ಕಳಿಸಿದ್ದು ನೋಡಿ ಅರ್ಥ ಕೇಳ್ತಿದ್ದಾರೆ. ಹೇಗೆ ಹೇಳಲಿ?»

‘ಜಾನ್’ ಅನ್ನೋದನ್ನ ‘ಪ್ರಾಣವೇ’ ಅನ್ನಬೇಡಿ, ನಾಟಕದ ಮಾತಾಗುತ್ತೆ. ಹಿಂದಿಯಲ್ಲಿ ಅದು ದಿನಬಳಕೆಯ ಮುದ್ದಿನ ಕರೆ. ಆ ಸಲಿಗೆಯನ್ನ ನಮ್ಮ ‘ಕಣೋ’ ಸಾಕಷ್ಟು ಹೊರುತ್ತೆ.

‘ಮನ್ ನಹೀ ಲಗ್ತಾ’ ಪದಶಃ ಮಾಡಿದರೆ ‘ಮನಸ್ಸು ಅಂಟಲ್ಲ’, ಅಮ್ಮ ಗಾಬರಿಯಾಗ್ತಾರೆ. ‘ನೀನಿಲ್ದೆ ಯಾವುದರಲ್ಲೂ ಮನಸ್ಸು ನಿಲ್ತಿಲ್ಲ ಕಣೋ’ ಅನ್ನಿ. ‘ಬದುಕೋಕಾಗಲ್ಲ’ ಅಂತ ಏರಿಸಬೇಡಿ, ಅವಳು ಹೇಳಿರೋದು ಬೇಸರ ಅಷ್ಟೆ.

ತೊಡಕು ‘ತುಮ್’ನಲ್ಲಿ. ಹಿಂದಿಗೆ ತೂ, ತುಮ್, ಆಪ್ ಮೂರು ಮೆಟ್ಟಿಲು. ನಮಗೆ ದಿನದ ಮಾತಲ್ಲಿ ನೀನು-ನೀವು, ಮನೆಮಾತು ತೆಲುಗಾದರೂ ನುವ್ವು-ಮೀರು, ಎರಡೇ. ‘ನೀನು’ ಅಂದಾಗ ‘ಗಂಡನಾಗೋನಿಗೆ ಏಕವಚನವಾ?’ ಅಂತ ಅಪ್ಪ ಕೇಳಿದರೆ, ‘ತುಮ್’ ನಡುವಿನ ಮೆಟ್ಟಿಲು, ಅಗೌರವ ಅಲ್ಲ ಅನ್ನಿ. ‘ನೀವು’ ಮಾಡಿದರೆ ‘ಕಣೋ’ ಕೂರಲ್ಲ, ಆಪ್ತತೆಯೂ ಹೋಗುತ್ತೆ.