ಗುಂಡಿ, ಎಲೆ, ಕಲ್ಲು ವಿಂಗಡಿಸುವ ಆಟಕ್ಕೆ ಚಿತ್ರದ ಕಾರ್ಡ್

ಪ್ರಶ್ನೆ: ನಾಲ್ಕು ವರ್ಷದ ಮಕ್ಕಳು ಗುಂಡಿ, ಎಲೆ, ಕಲ್ಲು ಬೇರೆ ಮಾಡಬೇಕು. ಓದು ಬಾರದು. ಚಿತ್ರ ಹೇಗೆ ಬರೆಯಲಿ?

ಉತ್ತರ:

ಮೂರು ಕಾರ್ಡ್ ಸಾಕು. ಎಡದಿಂದ ಬಲಕ್ಕೆ ಒಂದೇ ಪಟ್ಟಿಯಲ್ಲಿ ಅಂಟಿಸಿ. ಮೊದಲನೆಯದರಲ್ಲಿ ಎಲ್ಲಾ ಬೆರೆತಿರುವ ತಟ್ಟೆ. ಎರಡನೆಯದರಲ್ಲಿ ಎಲೆ ಹಿಡಿದ ಕೈ, ಅಲ್ಲಿಂದ ಎಲೆಯ ಬಟ್ಟಲಿಗೆ ಒಂದು ಬಾಣ. ಮೂರನೆಯದರಲ್ಲಿ ತಟ್ಟೆ ಖಾಲಿ, ಮೂರು ಬಟ್ಟಲು ತುಂಬಿವೆ. ಈ ಕೊನೆಯದನ್ನು ಬಿಡಬೇಡಿ. ಆಟ ಯಾವಾಗ ಮುಗಿಯಿತು ಅಂತ ಮಗುವಿಗೆ ಗೊತ್ತಾಗೋದು ಅದರಿಂದಲೇ.

ಹೆಚ್ಚಾಗಿ ಎಡವಟ್ಟಾಗೋದು ಯಾವ ಬಟ್ಟಲಿಗೆ ಏನು ಅಂತ ತೋರಿಸುವ ಗುರುತಿನ ಚಿತ್ರದಲ್ಲಿ. ಒಂದೇ ಕೆಂಪು ಗುಂಡಿ ಬರೆದರೆ, ಮಗು ನೀಲಿ ಗುಂಡಿ ಹಿಡಿದು ಸುಮ್ನೆ ಕೂರುತ್ತದೆ. ಅದು ಬಣ್ಣ ನೋಡುತ್ತಿದೆ, ತಪ್ಪು ಅದರದ್ದಲ್ಲ ಅಲ್ವಾ? ಹಾಗಾಗಿ ಬೇರೆ ಬೇರೆ ಬಣ್ಣ, ಗಾತ್ರದ ಮೂರು ಗುಂಡಿ ಬರೆಯಿರಿ. ಎಲೆಗೂ ಹಾಗೆಯೇ: ಮಾವಿನ ಉದ್ದ ಎಲೆ, ದಾಸವಾಳದ ಅಗಲ ಎಲೆ ಎರಡೂ ಇರಲಿ. ಬರೀ ಗೆರೆಯಲ್ಲಿ ಬರೆದರೆ ದುಂಡು ಕಲ್ಲೂ ಗುಂಡಿಯೂ ಒಂದೇ ಥರ ಕಾಣುತ್ತವೆ. ಗುಂಡಿಗೆ ನಾಲ್ಕು ತೂತು ಇಡಿ, ಕಲ್ಲಿಗೆ ಬೂದು ಬಣ್ಣ ತುಂಬಿ. ಚಿತ್ರ ಬರೆಯೋದು ಕಷ್ಟ ಅನಿಸಿದರೆ ನಿಜವಾದ ವಸ್ತುವನ್ನೇ ಬಟ್ಟಲಿನ ಮುಂದೆ ಅಂಟಿಸಿ, ಇನ್ನೂ ಒಳ್ಳೆಯದು.

ಸುಮಾರು ಮಕ್ಕಳು ಒಂದೇ ಹಂತದಲ್ಲಿ ತಡವರಿಸಿ ನಿಂತರೆ ಆ ಹಂತದ ಕಾರ್ಡ್ ಬದಲಿಸಿ.

ಮೊದಲ ಸಲ ತಲಾ ನಾಲ್ಕು, ಒಟ್ಟು 12 ವಸ್ತು ಸಾಕು. ದೊಡ್ಡ ಕೋಟಿನ ಗುಂಡಿ, ಮುಷ್ಟಿಯಲ್ಲಿ ಹಿಡಿಯುವಷ್ಟು ದೊಡ್ಡ ಕಲ್ಲು ಆರಿಸಿ. ಮುಗಿದ ಮೇಲೆ ಎಣಿಸಿ ಎತ್ತಿಡಿ, ಗುಂಡಿ ಬಾಯಿಗೆ ಹೋಗುವುದು ಬೇಗ. ಮೂರು ವರ್ಷದೊಳಗಿನವರಿಗೆ ಈ ಆಟ ಬೇಡ. ಕಣಗಿಲೆ ಎಲೆಯಂತೂ ತರಲೇಬೇಡಿ, ಅದು ವಿಷ.